‘ಮಾಡಿದರೆ’ ಮತ್ತು ‘ಮಾಡಿದ್ದರಿಂದ’

ಡೊಂಬಿವಲಿ ಎಂಐಡಿಸಿಯಲ್ಲಿ ಗೇರ್‌ಬಾಕ್ಸ್ ತಯಾರಿಸುವ ಸಣ್ಣ ಕಾರ್ಖಾನೆಯೊಂದಿದೆ. ಅವರ ಕಾಗದಪತ್ರಗಳನ್ನು ಕೆಲವು ವರ್ಷಗಳಿಂದ ನಾನು ಕನ್ನಡಕ್ಕೆ ತರುತ್ತಿದ್ದೇನೆ. ಗಿರಾಕಿಗಳಲ್ಲಿ ಹಲವರು ಮಹಾಲಿಂಗಪುರ, ಮುಧೋಳ ಕಡೆಯ ಆಲೆಮನೆಯವರು. ಕಬ್ಬು ಅರೆಯುವ ಗಾಣಕ್ಕೆ ಈ ಗೇರ್‌ಬಾಕ್ಸ್ ಬೇಕು. ಮೊದಲ ಸಲ ವಾರಂಟಿ ಪುಟ ಕೈಗೆ ಬಂದಾಗ ಇದೇನು ದೊಡ್ಡ ಕೆಲಸ ಎಂದುಕೊಂಡು, ಸಂಜೆಯ ಲೋಕಲ್ಲಿನಲ್ಲಿ ಠಾಣೆ ದಾಟುವಷ್ಟರಲ್ಲಿ ಮುಗಿಸಿಬಿಟ್ಟಿದ್ದೆ.

ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ಅಧಿಕಾರವಿಲ್ಲದವರು ಮಾಡಿದ ದುರಸ್ತಿಯಿಂದ ಉಂಟಾದ ದೋಷಗಳಿಗೆ ವಾರಂಟಿ ಅನ್ವಯಿಸದು. ನಾನು ಬರೆದದ್ದು: ‘ಅಧಿಕಾರವಿಲ್ಲದವರಿಂದ ದುರಸ್ತಿ ಮಾಡಿಸಿದರೆ ವಾರಂಟಿ ಇರುವುದಿಲ್ಲ.’ ಓದಲು ಸಲೀಸು, ಕನ್ನಡದ ಜಾಯಮಾನಕ್ಕೂ ಒಪ್ಪುತ್ತದೆ. ಆದರೆ ಎರಡೂ ಒಂದೇ ಅಲ್ಲ.

ಒಂದು ಆಲೆಮನೆಯಲ್ಲಿ ಆಯಿಲ್ ಸೀಲ್ ಸೋರತೊಡಗಿತು ಎಂದುಕೊಳ್ಳಿ. ಕಬ್ಬು ಕಡಿದಾಗಿದೆ, ಡೊಂಬಿವಲಿಯಿಂದ ಮೆಕ್ಯಾನಿಕ್ ಬರುವವರೆಗೆ ಕಾಯಲಾಗದು. ಊರಿನ ಮೇಸ್ತ್ರಿ ಸೀಲ್ ಬದಲಿಸಿದ. ಮೂರು ವಾರದ ನಂತರ ಗೇರಿನ ಹಲ್ಲು ಮುರಿಯಿತು. ಇಂಗ್ಲಿಷ್ ಪಾಠದ ಪ್ರಕಾರ ಕೇಳಬೇಕಾದ ಪ್ರಶ್ನೆ: ಆ ಸೀಲಿನಿಂದಾಗಿ ಹಲ್ಲು ಮುರಿಯಿತೇ? ಅದನ್ನು ಕಣ್ಣಾರೆ ನೋಡಿಯೇ ಬಹುಮಟ್ಟಿಗೆ ಊಹಿಸಬಹುದು. ಸೀಲ್ ಸರಿ ಕೂರದೆ ಎಣ್ಣೆ ಸೋರಿಹೋಗಿದ್ದರೆ ಹಲ್ಲುಗಳ ಮೈಯೆಲ್ಲ ಗೀರಿ, ಬಿಸಿಗೆ ಬಣ್ಣ ತಿರುಗಿರುತ್ತದೆ. ಎಣ್ಣೆ ತುಂಬಿಯೇ ಇದ್ದು, ಮುರಿದ ಒಂದು ಹಲ್ಲಿನ ಬುಡದಲ್ಲಿ ಚಿಪ್ಪಿನ ಮೇಲಿನಂಥ ಗೆರೆಗಳು ಕಂಡರೆ, ಬಿರುಕು ಬಹುದಿನಗಳಿಂದ ನಿಧಾನವಾಗಿ ಬೆಳೆದು ಬಂದದ್ದು. ಆಗ ಲೋಹವನ್ನೋ, ಅದನ್ನು ಹದ ಮಾಡಿದ ರೀತಿಯನ್ನೋ, ಗಾಣಕ್ಕೆ ಬಿದ್ದ ಹೊರೆಯನ್ನೋ ವಿಚಾರಿಸಬೇಕು, ಸೀಲನ್ನಲ್ಲ. ನನ್ನ ಕನ್ನಡ ವಾಕ್ಯದಲ್ಲಿ ಈ ವಿಚಾರಣೆಗೆ ಎಡೆಯೇ ಇರಲಿಲ್ಲ. ಮೇಸ್ತ್ರಿ ಸ್ಪ್ಯಾನರ್ ಹಿಡಿದ ಕ್ಷಣಕ್ಕೇ ಎಲ್ಲ ಮುಗಿಯಿತು. ಒಂದು ‘-ದರೆ’ ಪ್ರತ್ಯಯದಿಂದ ತಯಾರಕನ ಹೊಣೆಯನ್ನು ನಾನು ಆಲೆಮನೆಯವನ ತಲೆಗೆ ದಾಟಿಸಿದ್ದೆ.

ಇದಕ್ಕೆ ತದ್ವಿರುದ್ಧದ ತಪ್ಪೂ ಅದೇ ಪುಟದಲ್ಲಿತ್ತು. ದೋಷವಿರುವ ಭಾಗವನ್ನು ‘ಬದಲಾಯಿಸಿಕೊಡಲಾಗುವುದು’ ಎಂದು ಬರೆದಿದ್ದೆ. ಇಂಗ್ಲಿಷಿನಲ್ಲಿ ಎಕ್ಸ್-ವರ್ಕ್ಸ್ ಎಂಬ ಮಾತಿತ್ತು, ಅಂದರೆ ಹೊಸ ಭಾಗ ಸಿಗುವುದು ಕಾರ್ಖಾನೆಯ ಬಾಗಿಲಲ್ಲಿ. ಲಾರಿ ಬಾಡಿಗೆ ಕೊಂಡವನದು. ನಾನು ಅದನ್ನು ‘ಕಾರ್ಖಾನೆ ವತಿಯಿಂದ’ ಎಂದು ಮಾಡಿದ್ದೆ. ಅದಕ್ಕೆ ನಮ್ಮ ‘ಕೊಡು’ ಸೇರಿದಾಗ, ಅವರೇ ಬಂದು ಹಾಕಿಕೊಟ್ಟು ಹೋಗುತ್ತಾರೆ ಎಂದೇ ಕೇಳಿಸುತ್ತದೆ. ‘ಬಟ್ಟೆ ಹೊಲಿದುಕೊಡು’ ಎಂದರೆ ನೂಲಿನ ದುಡ್ಡು ಯಾರು ಬೇರೆ ಕೇಳುತ್ತಾರೆ?

ಅವಧಿಯ ವಿಷಯ ಇನ್ನೂ ಸೂಕ್ಷ್ಮ. ಚಾಲನೆ ಮಾಡಿದಂದಿನಿಂದ 12 ತಿಂಗಳು, ಇಲ್ಲವೇ ರವಾನೆಯಾದಂದಿನಿಂದ 18 ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ಯಂತ್ರೋಪಕರಣಗಳಲ್ಲಿ ಇದು ತೀರಾ ಸಾಮಾನ್ಯ ಷರತ್ತು. ಏಪ್ರಿಲ್ 10ಕ್ಕೆ ರವಾನೆಯಾದ ಗೇರ್‌ಬಾಕ್ಸ್ ಹಂಗಾಮಿಗಾಗಿ ಕಾದು ನವೆಂಬರ್ 10ಕ್ಕೆ ತಿರುಗಿತು ಅನ್ನಿ. ಚಾಲನೆಯ ಲೆಕ್ಕದಲ್ಲಿ ಮರುವರ್ಷದ ನವೆಂಬರ್ 10ರವರೆಗೆ ವಾರಂಟಿ; ರವಾನೆಯ ಲೆಕ್ಕದಲ್ಲಿ ಅಕ್ಟೋಬರ್ 10ಕ್ಕೇ ಖತಂ. ಬರೀ ‘ಅಥವಾ’ ಹಾಕಿ ಬಿಟ್ಟರೆ, ಎರಡನೇ ಹಂಗಾಮಿನ ಮುಂಚೆ ಗಾಣ ತಿರುಗಿಸಿ ನೋಡುವ ಆ ಒಂದು ತಿಂಗಳು ತನ್ನದೆಂದೇ ರೈತ ನಂಬಿರುತ್ತಾನೆ.

ಪುಟದ ಕೊನೆಗೆ, ಭಿನ್ನತೆ ಕಂಡರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಸಾಲಿತ್ತು. ಹಾಗಾದರೆ ಅನುವಾದಕ ಪಾರಾದನೇ? ನನಗೆ ಹಾಗನ್ನಿಸುವುದಿಲ್ಲ. ವಾರಂಟಿ ಹೋಯಿತೆಂದು ಕನ್ನಡದಲ್ಲಿ ಓದಿದವನು ದೂರನ್ನೇ ಕೊಡುವುದಿಲ್ಲ. ಇಂಗ್ಲಿಷ್ ಅವನ ನೆರವಿಗೆ ಬರಬೇಕಾದರೆ ಮೊದಲು ಜಗಳ ಆಗಬೇಕಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಾಲು: ಸರಿಯಲ್ಲದ ಅಳವಡಿಕೆಯಿಂದಾದ ಹಾನಿಗೆ ವಾರಂಟಿ ಇಲ್ಲ. ಯಾರ ಅಳವಡಿಕೆ? ಕಾರ್ಖಾನೆಯ ಹುಡುಗನೇ ಬಂದು ಕೂರಿಸಿದ್ದರೆ? ಮೂಲದಲ್ಲಿ ಕರ್ತೃವಿಲ್ಲ. ಊರ ಕಡೆಯವರ ಮೇಲಿನ ಅಭಿಮಾನದಿಂದ ‘ಗ್ರಾಹಕರು ಮಾಡಿದ’ ಎಂದು ಸೇರಿಸಲು ಕೈ ತುರಿಸಿತು. ಆಗ ಹುಡುಗನ ತಪ್ಪು ಕಾರ್ಖಾನೆಯ ಲೆಕ್ಕಕ್ಕೇ ಬರುತ್ತದೆ. ಆದರೆ ಅದು ಅನುವಾದವಲ್ಲ, ಒಪ್ಪಂದದ ತಿದ್ದುಪಡಿ. ‘ಯಾರೇ ಮಾಡಿದ’ ಎಂದು ಬರೆಯುವುದೂ ಅಷ್ಟೇ ತಪ್ಪು. ಅಸ್ಪಷ್ಟವಾದ ಷರತ್ತನ್ನು ಬರೆದವನ ವಿರುದ್ಧವೇ ಅರ್ಥೈಸುವ ಪದ್ಧತಿ ಒಪ್ಪಂದದ ಕಾನೂನಿನಲ್ಲಿದೆ. ಆ ಮಬ್ಬನ್ನು ನಾನೇ ತಿಳಿ ಮಾಡಿದರೆ ಕೊಂಡವನಿಗೆ ಸಿಗಬಹುದಾದ ಆಸರೆಯನ್ನೂ ಕಿತ್ತುಕೊಂಡಂತೆ.

ಕರ್ತೃವಿಲ್ಲದೆಯೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಹಾಕಿ ಕಳಿಸಿದೆ. ಮಾಲೀಕರು ಫೋನ್ ಮಾಡಿ, “ಇಷ್ಟು ದಿನ ಯಾರೂ ಕೇಳಿರಲಿಲ್ಲವಲ್ಲ ಮಾರಾಯರೇ” ಎಂದರು. ಮುಂದಿನ ಆವೃತ್ತಿಯಲ್ಲಿ ದುರಸ್ತಿಯ ಸಾಲು, ಬಾಡಿಗೆಯ ಸಾಲು ನಾನು ತಿದ್ದಿದಂತೆ ಅಚ್ಚಾದವು. ಅಳವಡಿಕೆಯ ಸಾಲು ಎರಡೂ ಭಾಷೆಯಲ್ಲಿ ಇದ್ದ ಹಾಗೇ ಇದೆ.