‘ಉಳಿದದ್ದು ನಾರ್ಮಲ್’ ಅನ್ನಬಹುದಾ?

ಬೇರೆಯವರ ಅಭಿಪ್ರಾಯ ಕೇಳುವಾಗ, ಮೊದಲೇ ಸಿಕ್ಕಿರೋ ಉತ್ತರವನ್ನು ಅವರಿಗೆ ಹೇಳಬೇಕಾ, ಬೇಡವಾ? ಆಫೀಸಿನಲ್ಲಾದರೆ ಇದು ಸಣ್ಣ ಪ್ರಶ್ನೆ. ಗದಗ ಹತ್ತಿರದ ಅಸುಂಡಿಯಂಥ ಊರಿನ ಸಿಸ್ಟರ್ ಒಬ್ಬರು ಎದೆಯ ಎಕ್ಸ್‌ರೇ ಫೋಟೋವನ್ನು ಹಿರಿಯ ವೈದ್ಯರಿಗೆ ಕಳಿಸುವಾಗ ಹಾಗಲ್ಲ.

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ರೋಗಿ 55 ವರ್ಷದ ಹೆಣ್ಣುಮಗಳು, ಸಕ್ಕರೆ ಕಾಯಿಲೆ ಇದೆ. ಮೊದಲು ನೋಡಿದ ಡಾಕ್ಟರು ನ್ಯುಮೋನಿಯಾ ಅಂದಿದ್ದಾರೆ. ಒಂದು ವಾರ ಆ್ಯಂಟಿಬಯಾಟಿಕ್ ನುಂಗಿದರೂ ಕೆಮ್ಮು ನಿಂತಿಲ್ಲ.

‘ಸರ್, ನ್ಯುಮೋನಿಯಾ ಅಂದಾರ್ರಿ, ಒಂದ್ಸಲ ನೋಡ್ರಿ’ ಅಂತ ಸಿಸ್ಟರ್ ಬರೆದರೆ, ಸರ್ ಕಣ್ಣು ನ್ಯುಮೋನಿಯಾವನ್ನೇ ಹುಡುಕುತ್ತೆ. ಸಿಕ್ಕೂ ಬಿಡುತ್ತೆ. ಆಗ ಎರಡು ಅಭಿಪ್ರಾಯ ಇದ್ದಂಗೆ ಕಂಡರೂ ಇರೋದು ಒಂದೇ. ಹಾಗಂತ ಮುಚ್ಚಿಡೋದೂ ತಪ್ಪು, ಔಷಧಿ ಕೊಟ್ಟಾಗಿದೆ, ಅದು ತಿಳಿಯಲೇಬೇಕು. ದಾರಿ ಇರೋದು ಹೇಳುವ ಕ್ರಮದಲ್ಲಿ:

‘ಸರ್, ನಮಸ್ಕಾರ್ರಿ. ಹೆಣ್ಣುಮಗಳು, 55 ವರ್ಷ, ಶುಗರ್ ಐತ್ರಿ. ಮೂರು ವಾರದಿಂದ ಕೆಮ್ಮು, ಸಂಜೀಗೆ ಜ್ವರ, ತೂಕ ಇಳದೈತಿ. ಉಸಿರು ನಿಮಿಷಕ್ಕ 24, ಆಕ್ಸಿಜನ್ 95. ಫಿಲ್ಮ್ ಕಿಟಕಿಗೆ ಹಿಡದು ಫೋಟೋ ತಗದೀನ್ರಿ. ಬಲಗಡೆ ಕೆಳಗ ಬೆಳ್ಳಗ ಕಾಣ್ತೈತಿ. ಎಡಗಡೆ ತುದಿ ಬೆಳಕು ಹೊಡದು ಕಾಣವಲ್ದು. ಎಲ್ ಗುರುತು ಹೃದಯದ ಕಡೇನ ಐತ್ರಿ. ವಾರ ಆ್ಯಂಟಿಬಯಾಟಿಕ್ ಆಗೇತಿ, ಕಡಿಮಿ ಆಗಿಲ್ಲ. ಮೊದಲು ನೋಡಿದವರು ನ್ಯುಮೋನಿಯಾ ಅಂದಾರ್ರಿ.’

ಎಲ್ ಗುರುತಿನ ಮಾತು ಯಾಕೆ? ಫಿಲ್ಮ್ ಪಾರದರ್ಶಕ, ತಿರುಗಿಸಿ ಹಿಡಿದರೆ ಬಲ ಎಡ ಅದಲು ಬದಲು. ಸಾಮಾನ್ಯವಾಗಿ ಹೃದಯದ ತುದಿ ಎಡಕ್ಕಿರುತ್ತೆ. ಗುರುತೂ ಅದೇ ಕಡೆ ಇದ್ದರೆ ನೆಮ್ಮದಿ.

ಆದರೆ ನೈತಿಕ ಭಾರ ಇರೋದು ‘ಕಾಣವಲ್ದು’ ಅನ್ನೋ ಮಾತಿನಲ್ಲಿ. ಅದನ್ನು ಬಿಟ್ಟು ‘ಉಳಿದದ್ದು ನಾರ್ಮಲ್’ ಅಂತ ಬರೆಯೋದು ಸುಲಭ, ಕೆಲಸ ಗೊತ್ತಿರೋರ ಥರ ಕೇಳಿಸುತ್ತೆ ಕೂಡ. ಆದರೆ ಕಾಣದ ಜಾಗವನ್ನು ನಾರ್ಮಲ್ ಅಂದ ಕೂಡಲೇ ಆ ಜಾಗವನ್ನು ಯಾರೂ ಮತ್ತೆ ನೋಡಲ್ಲ. ಟಿಬಿಯ ಸಣ್ಣ ಕಾಳಿನಂಥ ಚುಕ್ಕೆಗಳು ಒಂದೆರಡು ಮಿಲಿಮೀಟರ್ ಇರುತ್ತವೆ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿದಾಗ ಅವು ಅಳಿಸಿಹೋಗಬಹುದು.

ಹಿರಿಯರ ಮೇಲೂ ಅಷ್ಟೇ ಹೊಣೆ ಇದೆ. ಟಿಬಿ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣಿಸುತ್ತೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಳಗೂ ಬರಬಹುದು, ನೋಡೋಕೆ ನ್ಯುಮೋನಿಯಾ ಥರಾನೇ. ಬರೀ ಎಕ್ಸ್‌ರೇ ನೋಡಿ ಟಿಬಿ ಖಚಿತ ಅನ್ನೋಕೂ ಆಗಲ್ಲ. ಹಾಗಾಗಿ ಪ್ರಾಮಾಣಿಕ ಉತ್ತರ ಚಿಕ್ಕದೇ ಇರುತ್ತೆ: ‘ಫೋಟೋದಾಗ ಕಾಣೂವಷ್ಟಕ್ಕ ಟಿಬಿ ಇಲ್ಲ ಅನ್ನಾಕ ಆಗಂಗಿಲ್ಲ. ಕಫ ಸಿಬಿನ್ಯಾಟ್‌ಗೆ ಕಳಸ್ರಿ, ಮುಂಜಾನಿ ಎದ್ದ ಕೂಡ್ಲೇ ಬಂದಿದ್ದು ಒಂದಿರಲಿ. ಉಸಿರಾಟ ಜಾಸ್ತಿ ಆದ್ರ ಕಾಯಬ್ಯಾಡ್ರಿ, ಗದಗಕ್ಕ ಕಳಸ್ರಿ. ಫಿಲ್ಮೂ ಕೈಯಾಗ ಕೊಟ್ಟು ಕಳಸ್ರಿ.’