ಒಂದು ಸೆಕೆಂಡಿಗೆ ಎಷ್ಟು ಅಕ್ಷರ?

ಕಿರುಚಿತ್ರಗಳಿಗೆ ಕನ್ನಡ ಅಡಿಬರಹ ಬರೆಯುವಾಗ ನನ್ನ ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಸದಾ ಮಿನುಗುತ್ತಿರುತ್ತದೆ: ಸೆಕೆಂಡಿಗೆ ಎಷ್ಟು ಅಕ್ಷರ. ಟೆಡ್ ಭಾಷಣಗಳ ಅನುವಾದಕರಿಗೆ ಇದರ ಮಿತಿ 21. ಮಿತಿ ದಾಟಿದರೆ ನೋಡುಗ ಓದಲಾಗದೆ ಎದ್ದುಹೋಗುತ್ತಾನೆ ಎಂಬುದು ಇದರ ಹಿಂದಿನ ಭಯ. ಆ ಭಯಕ್ಕಾಗಿ ಒಬ್ಬರ ಮಾತನ್ನು ಕತ್ತರಿಸುವ ಹಕ್ಕು ನನಗಿದೆಯೇ?

ಒಂದು ಸಾಲು ನೋಡೋಣ. ತಾಯಿ ಎರಡು ಸೆಕೆಂಡಿನಲ್ಲಿ ಹೇಳುತ್ತಾಳೆ: ‘ಅವನು ಬರಲಿಲ್ಲ ಅಂತ ನಾನು ಹೇಳಲೇ ಇಲ್ಲ, ನೀವೇ ಹಾಗೆ ತಿಳಿದುಕೊಂಡಿರಿ’. ತಂತ್ರಾಂಶದ ಲೆಕ್ಕದಲ್ಲಿ ಇದು 57, ಅಂದರೆ ಸೆಕೆಂಡಿಗೆ 28.5. ‘ಬರಲಿಲ್ಲ ಅಂತ ನಾನು ಹೇಳಲಿಲ್ಲ, ನೀವೇ ತಿಳಿದಿರಿ’ ಎಂದು ಮಾಡಿದರೆ 40, ಸೆಕೆಂಡಿಗೆ 20. ಮಿತಿಯೊಳಗೆ ಬಂತು. ಆದರೆ ‘ಹೇಳಲೇ ಇಲ್ಲ’ದ ಹಟ ಹೋಯಿತು, ‘ತಿಳಿದುಕೊಂಡಿರಿ’ಯಲ್ಲಿದ್ದ ಆಪಾದನೆಯೂ ಹೋಯಿತು. ಕಿವಿ ಕೇಳಿಸದವರಿಗೆ ಆ ತಾಯಿ ಬೇರೆಯೇ ಹೆಂಗಸಾದಳು.

ಇನ್ನೊಂದು ತೊಡಕೂ ಇದೆ. ತಂತ್ರಾಂಶ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ನಮಗೆ ಒಂದಕ್ಷರ, ಅದಕ್ಕೆ ಆರು. ತಾಯಿಯ ಸಾಲನ್ನೇ ನಮ್ಮ ಅಕ್ಷರಗಳಲ್ಲಿ, ಖಾಲಿ ಜಾಗ ಮತ್ತು ಅಲ್ಪವಿರಾಮ ಸೇರಿಸಿ ಎಣಿಸಿದರೆ 35, ಸೆಕೆಂಡಿಗೆ 17.5. ಒಂದೇ ಮಾತು ಒಂದು ಲೆಕ್ಕದಲ್ಲಿ ತಪ್ಪು, ಇನ್ನೊಂದರಲ್ಲಿ ಸರಿ. ರೋಮನ್ ಲಿಪಿಯ ಅಳತೆಗೋಲು ಒತ್ತಕ್ಷರಕ್ಕೆ ಹಾಗೇ ಹೊಂದುವುದಿಲ್ಲ.

ವೇಗ ಹೆಚ್ಚಾದರೆ ಜನ ಬಿಟ್ಟುಹೋಗುತ್ತಾರೆ ಎಂಬುದೂ ಅಷ್ಟು ನೇರವಲ್ಲ. 2018ರಲ್ಲಿ ಶಾರ್ಕೋವ್‌ಸ್ಕಾ ಮತ್ತು ಗರ್ಬರ್-ಮೊರೋನ್ ಕಣ್ಣಿನ ಚಲನೆ ಅಳೆದು 12, 16, 20ರ ವೇಗಗಳನ್ನು ಹೋಲಿಸಿದರು. ವೇಗದ ಅಡಿಬರಹವನ್ನೂ ನೋಡುಗರು ಓದಿ ಮುಗಿಸಬಲ್ಲರು ಎಂದು ಅವರು ಕಂಡರು. ಇನ್ನು, ವಿಡಿಯೊದ ವೀಕ್ಷಣೆಯ ಗೆರೆ ಒಂದು ಕಡೆ ಕುಸಿದರೆ ಅಲ್ಲಿ ಅಡಿಬರಹ ಓಡುತ್ತಿರಬಹುದು, ಮಾತೇ ದಟ್ಟವಾಗಿ ಬೇಸರ ತಂದಿರಲೂಬಹುದು. ವೇಗವಾಗಿ ಮಾತಾಡುವ ಕಡೆಯಲ್ಲೇ ಅಡಿಬರಹವೂ ಓಡುವುದರಿಂದ ಎರಡೂ ಕೂಡಿಕೊಂಡಿರುತ್ತವೆ. ಅಡಿಬರಹ ಹಾಕಿಕೊಂಡವರ ಗೆರೆಯನ್ನೂ ಹಾಕಿಕೊಳ್ಳದವರ ಗೆರೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಅಲ್ಲೇ ಕುಸಿದಿದ್ದರೆ ದೋಷ ಬಹುಶಃ ನನ್ನ ಸಾಲಿನದಲ್ಲ. ಮೊದಲನೆಯದು ಮಾತ್ರ ಕುಸಿದಿದ್ದರೆ ಸಾಲನ್ನು ಅನುಮಾನಿಸಬೇಕು.

ಹಾಗಾಗಿ ನಾನು ಮೊದಲು ಮುಟ್ಟುವುದು ಪದವನ್ನಲ್ಲ, ಕಾಲವನ್ನು. ತಾಯಿಯ ಮಾತಿನ ನಂತರ ಮುಕ್ಕಾಲು ಸೆಕೆಂಡು ಮೌನವಿದ್ದರೆ ಸಾಲನ್ನು ಅಲ್ಲಿಯವರೆಗೂ ನಿಲ್ಲಿಸುತ್ತೇನೆ. ಆಗ ಅದೇ 57 ಸೆಕೆಂಡಿಗೆ 20.7 ಆಗುತ್ತದೆ, ಒಂದು ಪದವೂ ಹೋಗುವುದಿಲ್ಲ. ಮೌನವಿಲ್ಲದಿದ್ದರೆ ಮೊದಲು ‘ಹಾಗೆ’ ಹೋಗಲಿ, ‘ಹೇಳಲೇ ಇಲ್ಲ’ ಉಳಿಯಲಿ. ನೋಡುಗನ ಕಣ್ಣಿಗೆ ನಾನು ಋಣಿ ನಿಜ, ಆದರೆ ಅವನು ಕಾದು ಕೂತಿರುವುದು ಆ ತಾಯಿಯ ಮಾತಿಗೆ, ನನ್ನ ಸಾರಾಂಶಕ್ಕಲ್ಲ.