ಇಲ್ಲ ಎಂಬುದಕ್ಕೆ ಎರಡು ಸಾಕ್ಷಿ

ಒಂದು ವಸ್ತು ಇದೆ ಎಂದು ಸಾಧಿಸಲು ಅದನ್ನು ತಂದು ಮುಂದಿಟ್ಟರೆ ಸಾಕು. ಇಲ್ಲ ಎಂದು ಸಾಧಿಸುವುದು ಹೇಗೆ? ಹುಡುಕಿದೆ, ಸಿಗಲಿಲ್ಲ ಎಂದರೆ ಯಾರೂ ಒಪ್ಪುವುದಿಲ್ಲ. ಹುಡುಕದ ಜಾಗ ಯಾವಾಗಲೂ ಉಳಿದಿರುತ್ತದೆ. ಹುಡುಕಬೇಕಾದದ್ದು ಒಂದು ಸಂಖ್ಯೆಯಾದರೆ ತೊಡಕು ಇನ್ನೂ ಹೆಚ್ಚು, ಏಕೆಂದರೆ ಸಂಖ್ಯೆಗಳಿಗೆ ಕೊನೆಯೇ ಇಲ್ಲ. ಕಲನಶಾಸ್ತ್ರದ ‘ಮಿತಿ’, ಅಂದರೆ ಲಿಮಿಟ್, ಅಂಥದ್ದೊಂದು ಸಂಖ್ಯೆ. ಅದು ಇಲ್ಲವೆಂದು ತೋರಿಸಲು ಗಣಿತದಲ್ಲಿ ಒಂದು ಚೊಕ್ಕ ದಾರಿಯಿದೆ.

ಒಂದು ಫಲನವನ್ನೇ ಎದುರಿಗಿಟ್ಟುಕೊಂಡು ನೋಡೋಣ: f(x) = sin(π/x). x ಸೊನ್ನೆಯಾದಾಗ ಇದಕ್ಕೆ ಬೆಲೆಯಿಲ್ಲ, ಸೊನ್ನೆಯಿಂದ ಭಾಗಿಸುವಂತಿಲ್ಲವಲ್ಲ. ಆದರೆ x ಸೊನ್ನೆಯ ಹತ್ತಿರ ಹತ್ತಿರ ಸರಿದಂತೆ f(x) ಯಾವುದಾದರೂ ಒಂದು ಸಂಖ್ಯೆಯತ್ತ ಸಾಗುತ್ತದೆಯೇ ಎಂದು ಕೇಳಬಹುದು. ಮೊದಲು ಕೈಗೆ ಸಿಗುವ ಬೆಲೆಗಳನ್ನೇ ಹಾಕೋಣ: 0.1, 0.01, 0.001. ಆಗ π/x ಕ್ರಮವಾಗಿ 10π, 100π, 1000π ಆಗುತ್ತದೆ. π ಯ ಯಾವ ಪೂರ್ಣ ಗುಣಕಕ್ಕೂ ಸೈನ್ ಸೊನ್ನೆಯೇ. ಆದ್ದರಿಂದ ಉತ್ತರ 0, 0, 0. ಇನ್ನೆಷ್ಟು ದಶಮಾಂಶ ಸ್ಥಾನ ಮುಂದೆ ಹೋದರೂ ಅದೇ. ಮಿತಿ ಸೊನ್ನೆ ಎಂದು ಬರೆದುಬಿಡಬೇಕು ಅನ್ನಿಸುತ್ತದೆ.

ಈಗ x ಗೆ 2/5, 2/9, 2/13, 2/17 ಹೀಗೆ ಬೆಲೆ ಕೊಡುತ್ತ ಹೋಗೋಣ. ಛೇದ ಪ್ರತಿ ಸಲ ನಾಲ್ಕು ಹೆಚ್ಚುವುದರಿಂದ ಇವೂ ಸೊನ್ನೆಯತ್ತಲೇ ಇಳಿಯುತ್ತವೆ. ಆದರೆ ಇಲ್ಲಿ π/x ಎಂದರೆ 5π/2, 9π/2, 13π/2. ಇವೆಲ್ಲ π/2 ಕ್ಕೆ ಪೂರ್ತಿ ಸುತ್ತುಗಳನ್ನು ಸೇರಿಸಿದ ಕೋನಗಳು; ಹಾಗಾಗಿ ಪ್ರತಿಯೊಂದರ ಸೈನ್ 1. ಎರಡು ಅನುಕ್ರಮಗಳೂ ಹೋಗುತ್ತಿರುವುದು ಒಂದೇ ಬಿಂದುವಿಗೆ; ಒಂದು ಉದ್ದಕ್ಕೂ 0 ಎನ್ನುತ್ತದೆ, ಇನ್ನೊಂದು ಉದ್ದಕ್ಕೂ 1 ಎನ್ನುತ್ತದೆ.

ಮಿತಿ ಇಲ್ಲವೆನ್ನಲು ಇಷ್ಟು ಸಾಕೇ? ಸಾಕು. ಕಾರಣ ಮಿತಿಯ ಅರ್ಥದಲ್ಲೇ ಇದೆ. L ಮಿತಿ ಎಂದರೆ, ಸೊನ್ನೆಗೆ ಸಾಕಷ್ಟು ಹತ್ತಿರವಿರುವ, ಆದರೆ ಸೊನ್ನೆಯಲ್ಲದ ಎಲ್ಲ x ಗೂ f(x) ನ ಬೆಲೆ L ನಿಂದ ನಾವು ಹೇಳಿದಷ್ಟು ಕಡಿಮೆ ಅಂತರದಲ್ಲಿರಬೇಕು. ಆ ಅಂತರ 1/2 ಕ್ಕಿಂತ ಕಡಿಮೆ ಇರಲಿ ಎಂದು ಕೇಳೋಣ. ಸೊನ್ನೆಯ ಎಷ್ಟೇ ಸಮೀಪದಲ್ಲೂ ಎರಡೂ ಅನುಕ್ರಮಗಳ ಬಿಂದುಗಳಿರುವುದರಿಂದ L ಆಗ 0 ಗೂ 1 ಕ್ಕೂ 1/2 ಕ್ಕಿಂತ ಹತ್ತಿರವಿರಬೇಕಾಗುತ್ತದೆ. 0 ಮತ್ತು 1 ರ ನಡುವಿನ ದೂರವೇ 1. ಅಂಥ ಸಂಖ್ಯೆ ಇರಲು ಸಾಧ್ಯವಿಲ್ಲ. ಅನುಕ್ರಮಗಳ ಮೂಲಕ ಮಿತಿಯನ್ನು ಪರೀಕ್ಷಿಸುವ ಈ ಕ್ರಮಕ್ಕೆ 19ನೇ ಶತಮಾನದ ಜರ್ಮನ್ ಗಣಿತಜ್ಞ ಎಡುವಾರ್ಡ್ ಹೈನೆಯ ಹೆಸರಿದೆ.

ಎರಡು ಅನುಕ್ರಮಗಳು ಇಲ್ಲಿ ಹಂಚಿಕೊಂಡ ಕೆಲಸವನ್ನು ಗಮನಿಸಬೇಕು. ಮೊದಲನೆಯದು ಒಂದೇ ಏಟಿಗೆ, ಸೊನ್ನೆಯನ್ನುಳಿದು ಎಲ್ಲ ಸಂಖ್ಯೆಗಳನ್ನೂ ಕಣದಿಂದ ಹೊರಗಿಟ್ಟಿತು: ಮಿತಿ ಇರುವುದಾದರೆ ಅದು 0 ಮಾತ್ರ. ಉಳಿದ ಆ ಒಂದನ್ನು ಎರಡನೆಯದು ತೆಗೆದುಹಾಕಿತು. ಅನಂತ ಸಂಖ್ಯೆಗಳಲ್ಲಿ ಒಂದೊಂದನ್ನೂ ತಡಕುವ ಅಗತ್ಯವೇ ಬೀಳಲಿಲ್ಲ.

ಅನುಕ್ರಮಗಳನ್ನು ಹುಡುಕುವುದೂ ಊಹೆಯ ಮಾತಲ್ಲ. ಫಲನ ಪದೇ ಪದೇ ಮುಟ್ಟುವ ಎರಡು ಬೆಲೆಗಳನ್ನು ಆರಿಸಿಕೊಂಡು, sin(π/x) = 0 ಮತ್ತು sin(π/x) = 1 ಎಂಬ ಸಮೀಕರಣಗಳನ್ನು x ಗಾಗಿ ಬಿಡಿಸಬೇಕು. ಮೊದಲನೆಯದರಿಂದ x = 1/n, ಎರಡನೆಯದರಿಂದ x = 2/(4n+1) ಸಿಗುತ್ತವೆ. ನಾವು ಮೊದಲು ಹಾಕಿದ 0.1, 0.01, 0.001 ಇವೆಲ್ಲ 1/n ರೂಪದವೇ. ದಶಮಾಂಶಗಳು ನಮ್ಮನ್ನು ದಾರಿ ತಪ್ಪಿಸಿದ್ದು ಹೀಗೆ.

ಈ ವಿಧಾನ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. g(x) = x·sin(π/x) ತೆಗೆದುಕೊಂಡರೆ, ಮೊದಲ ಅನುಕ್ರಮದಲ್ಲಿ ಬೆಲೆಗಳು ಸೊನ್ನೆ; ಎರಡನೆಯದರಲ್ಲಿ 2/5, 2/9, 2/13 ಎಂದು ಸೊನ್ನೆಗೇ ಇಳಿಯುತ್ತವೆ. ಸಾಕ್ಷಿಗಳಿಬ್ಬರೂ ಒಂದೇ ಮಾತು ಹೇಳಿದರು. ಆದರೂ ಮಿತಿ 0 ಎಂದು ಇದರಿಂದ ಸಾಧಿತವಾಗುವುದಿಲ್ಲ. ಮೂರನೆಯ ಅನುಕ್ರಮ ಬೇರೆ ಹೇಳಬಹುದಿತ್ತು. ಸೈನ್‌ನ ಬೆಲೆ −1 ಮತ್ತು 1 ರ ಆಚೆ ಹೋಗದು, ಆದ್ದರಿಂದ g(x) ನ ಗಾತ್ರ x ನ ಗಾತ್ರವನ್ನು ಎಂದೂ ಮೀರದು ಎಂಬ ವಾದ ಬೇಕಾಗುತ್ತದೆ. ಅದು ಎಲ್ಲ x ಗಳ ಬಗ್ಗೆ ಒಟ್ಟಿಗೇ ಮಾತಾಡುತ್ತದೆ. ಮಿತಿ ಇದೆ ಎನ್ನುವುದು ಎಲ್ಲ ದಾರಿಗಳ ಬಗೆಗಿನ ಹೇಳಿಕೆ, ಎಷ್ಟು ದಾರಿಗಳು ಒಪ್ಪಿದರೂ ಅದು ಸಾಬೀತಾಗದು. ಎರಡು ದಾರಿಗಳು ಜಗಳವಾಡಿದರೆ ಮಾತ್ರ ಅಲ್ಲಿಗೇ ಮುರಿದುಬೀಳುತ್ತದೆ.